ಸರಳಿನ ಮೇಲೆ ತೂಕ ಬಿದ್ದರೆ ಏನಾಗುತ್ತದೆ? ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೋಣಿಕೊಪ್ಪದಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ ಇದೆ. ಗೇಟು, ಗ್ರಿಲ್ಲು, ಕಾಫಿ ತೋಟಗಳ ಚಿಲ್ಲರೆ ಕೆಲಸ ಎಲ್ಲ ಮಾಡುತ್ತೇವೆ. ಸಂಜೆ ಹೊತ್ತು ಡಿಪ್ಲೊಮಾ ಓದುವ ನಾಲ್ಕೈದು ಹುಡುಗರು ಪುಸ್ತಕ ಹಿಡಿದುಕೊಂಡು ಬರುತ್ತಾರೆ. ಪ್ರತಿ ವರ್ಷ ಇದೊಂದು ಪಾಠಕ್ಕೆ ಬಂದಾಗ ಅದೇ ಪ್ರಶ್ನೆಗಳು. ಒಂದು ಸಲ ಬರೆದಿಟ್ಟುಬಿಡೋಣ ಅಂತ ಕೂತೆ. ಉದಾಹರಣೆ ಒಂದೇ ಇಟ್ಟುಕೊಂಡಿದ್ದೇನೆ, ಅದೂ ನನ್ನ ಕೈಯಲ್ಲೇ ಕೆಟ್ಟ ಕೆಲಸ.

ಮೊದಲು ಆ ಕೆಟ್ಟ ಕೆಲಸ ಯಾವುದು ಹೇಳಿ?

ಪೊಲ್ಲಿಬೆಟ್ಟದ ಕಡೆ ಒಂದು ತೋಟ. ಅಲ್ಲಿನ ಗೋಡೌನಿನಲ್ಲಿ ಕಾಫಿ ಮೂಟೆಯನ್ನು ಅಟ್ಟಕ್ಕೆ ಏರಿಸೋದಕ್ಕೆ ಹಳೇ ಕಾಲದ ರಾಟೆ ಇತ್ತು. ಹಗ್ಗದ ಒಂದು ತುದಿಗೆ ಮೂಟೆ, ಇನ್ನೊಂದು ತುದಿಗೆ 50 ಕೆ.ಜಿ.ಯ ಕಬ್ಬಿಣದ ಎದುರು ತೂಕ. ಆ ತೂಕ ಅತ್ತಿತ್ತ ಓಲಾಡಬಾರದು ಅಂತ ನಡುವೆ ತೂತು ಕೊರೆದು, ಮೇಲಿಂದ ನೇತು ಹಾಕಿದ ಒಂದು ಕಬ್ಬಿಣದ ರಾಡಿಗೆ ಪೋಣಿಸಿದ್ದರು. ರಾಡಿನ ಕೆಳತುದಿಯಲ್ಲಿ ಒಂದು ಪ್ಲೇಟು, ಅದರಡಿ ನಟ್ಟು. ತೂಕ ಕೆಳಗೆ ಜಾರಿದರೆ ಆ ಪ್ಲೇಟಿನ ಮೇಲೆ ಬಂದು ಕೂರಬೇಕು, ಅಷ್ಟೇ ಲೆಕ್ಕ.

ಮಳೆಗಾಲದಲ್ಲಿ ಹಗ್ಗ ನೆನೆದು ಜಾರುತ್ತಿತ್ತು. ನಾಲ್ಕು ಇಂಚು ಜಾರಿ ತೂಕ ಪ್ಲೇಟಿಗೆ ಠಣ್ ಅಂತ ಬಡಿಯೋದು. ಎಷ್ಟೋ ವರ್ಷ ಹೀಗೇ ನಡೆದಿದೆ, ರಾಡಿಗೆ ಏನೂ ಆಗಿರಲಿಲ್ಲ. ಆಮೇಲೆ ಮೇಲಿನ ಮರದ ತೊಲೆಗೆ ಗೆದ್ದಲು ಹಿಡಿಯಿತು. ತೋಟದವರು ಅದನ್ನು ತೆಗೆಸಿ ಆರ್‌ಸಿಸಿ ಬೀಮ್ ಹಾಕಿಸಿದರು. ಅದೇ ರಾಡು, ಅದೇ ತೂಕ. ನಾನೇ ಹೋಗಿ ಬೀಮಿಗೆ ತೂತು ಹಾಕಿ, ಕಂಬದ ಪಕ್ಕದಲ್ಲೇ, ಗಟ್ಟಿಯಾಗಿ ನೇತು ಹಾಕಿ ಬಂದೆ. "ಈಗ ಆನೆ ಬಂದು ನೇತಾಡಿದ್ರೂ ಏನೂ ಆಗಲ್ಲ ರೈಟ್ರೇ" ಅಂತ ತೋಟದ ರೈಟರಿಗೆ ಹೇಳಿದ್ದೂ ನೆನಪಿದೆ. ಮುಂದಿನ ಮಳೆಗಾಲಕ್ಕೆ ಕೆಳಗಿನ ಥ್ರೆಡ್ಡಿನಲ್ಲಿ ರಾಡು ಕಟ್ಟಾಯಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ.

ಮೇಲೆ ಗಟ್ಟಿ ಮಾಡಿದ್ದಕ್ಕೇ ಕೆಳಗೆ ಮುರಿಯಿತು. ಯಾಕೆ ಅನ್ನೋದೇ ಈ ಪುಟದ ವಿಷಯ.

ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಏನು?

ಅದೇ ತೂಕವನ್ನು ನಿಧಾನಕ್ಕೆ, ಕೈಯಲ್ಲಿ ಹಿಡಿದು ಪ್ಲೇಟಿನ ಮೇಲೆ ಇಟ್ಟರೆ ರಾಡು ಒಂದಿಷ್ಟು ಉದ್ದವಾಗುತ್ತದೆ, ಅದರಲ್ಲಿ ಒಂದಿಷ್ಟು ಸ್ಟ್ರೆಸ್, ಅಂದರೆ ಒಂದೊಂದು ಚದರ ಮಿ.ಮೀ. ಕಬ್ಬಿಣ ಹೊರುವ ಬಲ, ಬರುತ್ತದೆ. ಮೇಲಿಂದ ಬೀಳಿಸಿದರೆ ಎರಡೂ ಜಾಸ್ತಿಯಾಗುತ್ತವೆ. ಎಷ್ಟು ಪಟ್ಟು ಜಾಸ್ತಿ ಅನ್ನೋ ಸಂಖ್ಯೆಯೇ ಇಂಪ್ಯಾಕ್ಟ್ ಫ್ಯಾಕ್ಟರ್. ಉದ್ದವಾಗೋದಕ್ಕೂ ಸ್ಟ್ರೆಸ್ಸಿಗೂ ಅದೇ ಸಂಖ್ಯೆ, ಯಾಕೆಂದರೆ ರಾಡು ಎಲಾಸ್ಟಿಕ್ ಆಗಿರುವ ತನಕ, ಅಂದರೆ ಹಿಗ್ಗಿದ್ದು ಪೂರ್ತಿ ವಾಪಸ್ ಬರುವ ತನಕ, ಎರಡೂ ಒಂದಕ್ಕೊಂದು ಕಟ್ಟಿಕೊಂಡೇ ಏರುತ್ತವೆ.

ಸೂತ್ರ ಎಲ್ಲಿಂದ ಬರುತ್ತದೆ? ಬಾಯಿಪಾಠ ಮಾಡಲೇಬೇಕಾ?

ಬೇಡ. ಎರಡು ಸಾಲಿನಲ್ಲಿ ಬರುತ್ತದೆ, ಒಂದು ಸಲ ಕೈಯಲ್ಲಿ ಬರೆದರೆ ಸಾಕು.

ತೂಕ W ಮೇಲಿಂದ h ಎತ್ತರ ಬೀಳುತ್ತದೆ. ಪ್ಲೇಟಿಗೆ ತಾಗಿದ ಮೇಲೂ ಅಲ್ಲಿಗೇ ನಿಲ್ಲೋದಿಲ್ಲ, ರಾಡನ್ನು ಎಳೆದುಕೊಂಡು ಇನ್ನೂ δ ಅಷ್ಟು ಕೆಳಗೆ ಹೋಗುತ್ತದೆ. ಹಾಗಾಗಿ ಅದು ಇಳಿದ ಒಟ್ಟು ದೂರ h + δ. ಅಷ್ಟು ದೂರದಲ್ಲಿ ಅದು ಬಿಟ್ಟುಕೊಟ್ಟ ಶಕ್ತಿಯೆಲ್ಲ ರಾಡಿನ ಹಿಗ್ಗುವಿಕೆಯೊಳಗೆ ಸೇರಬೇಕು. ರಾಡು ಎಳೆಯುವ ಬಲ ಸೊನ್ನೆಯಿಂದ ಶುರುವಾಗಿ ಏರುತ್ತಾ ಹೋಗೋದರಿಂದ ಆ ಕಡೆ ಅರ್ಧ ಬರುತ್ತದೆ.

```
W(h + δ) = ½ k δ²
δst = W/k = WL/(AE)
δ² − 2 δst δ − 2 δst h = 0
n = δ/δst = 1 + √(1 + 2h/δst)
```

ಇಲ್ಲಿ δst ಅಂದರೆ ನಿಧಾನಕ್ಕೆ ಇಟ್ಟಾಗ ಎಷ್ಟು ಹಿಗ್ಗುತ್ತದೋ ಅದು. k ಅಂದರೆ ರಾಡನ್ನು 1 ಮಿ.ಮೀ. ಹಿಗ್ಗಿಸೋದಕ್ಕೆ ಬೇಕಾದ ಬಲ. L ರಾಡಿನ ಉದ್ದ, A ಅದರ ಅಡ್ಡಕೊಯ್ತದ ವಿಸ್ತೀರ್ಣ, E ಆ ಲೋಹ ಎಷ್ಟು ಬಿಗಿ ಅನ್ನೋ ಸಂಖ್ಯೆ. n ಅನ್ನೋದೇ ಇಂಪ್ಯಾಕ್ಟ್ ಫ್ಯಾಕ್ಟರ್. ಕ್ವಾಡ್ರಾಟಿಕ್ ಸಮೀಕರಣಕ್ಕೆ ಎರಡು ಉತ್ತರ ಬರುತ್ತವೆ. ಮೈನಸ್ ಇರುವ ಉತ್ತರ ಬಿಡಿ, ತೂಕ ಬಿದ್ದಾಗ ಕೆಳಗೆ ಎಷ್ಟು ದೂರ ಹೋಗುತ್ತದೆ ಅನ್ನೋದು ಮಾತ್ರ ನಮಗೆ ಬೇಕು.

ಸೂತ್ರವನ್ನು ಒಂದು ನಿಮಿಷ ಸುಮ್ನೆ ನೋಡಿ. ಅದರೊಳಗೆ ಇರೋದು ಎರಡೇ ಸಂಗತಿ: ಎಷ್ಟು ಎತ್ತರದಿಂದ ಬಿತ್ತು, ನಿಧಾನಕ್ಕೆ ಇಟ್ಟಿದ್ದರೆ ಎಷ್ಟು ಹಿಗ್ಗುತ್ತಿತ್ತು. δst ಸಣ್ಣದಾದಷ್ಟೂ n ದೊಡ್ಡದಾಗುತ್ತದೆ. ಅಂದರೆ ಬಿಗಿ ಜಾಸ್ತಿ ಆದಷ್ಟೂ ಏಟು ಜಾಸ್ತಿ.

ಸರಿ, ಆ ತೋಟದ ರಾಡಿಗೆ ಲೆಕ್ಕ ಮಾಡಿ ತೋರಿಸಿ.

ರಾಡಿನ ದಪ್ಪ 12 ಮಿ.ಮೀ., ಉದ್ದ 2 ಮೀಟರ್, ಮೈಲ್ಡ್ ಸ್ಟೀಲ್. ತೂಕ 50 ಕೆ.ಜಿ., ಅಂದರೆ 490 ನ್ಯೂಟನ್. ಬಿದ್ದ ಎತ್ತರ 100 ಮಿ.ಮೀ. ಸ್ಟೀಲಿಗೆ E ಚದರ ಮಿ.ಮೀ.ಗೆ 2 ಲಕ್ಷ ನ್ಯೂಟನ್. ಚದರ ಮಿ.ಮೀ.ಗೆ 1 ನ್ಯೂಟನ್ ಅಂದರೆ 1 ಮೆಗಾಪ್ಯಾಸ್ಕಲ್, ಮುಂದೆ ಹಾಗೇ ಬರೆಯುತ್ತೇನೆ. σ ಅಂದರೆ ಸ್ಟ್ರೆಸ್, σst ನಿಧಾನಕ್ಕೆ ಇಟ್ಟಾಗಿನ ಸ್ಟ್ರೆಸ್.

```
A   = 113.1 mm²
σst = 490/113.1 = 4.33 N/mm²
δst = 490 × 2000/(113.1 × 200000) = 0.0433 mm
n   = 1 + √(1 + 200/0.0433) ≈ 69
σ   = 69 × 4.33 ≈ 299 N/mm²
δ   = 69 × 0.0433 ≈ 3 mm
```

ನಿಧಾನಕ್ಕೆ ಇಟ್ಟರೆ 4.33 ಮೆಗಾಪ್ಯಾಸ್ಕಲ್, ರಾಡಿಗೆ ಗೊತ್ತೇ ಆಗೋದಿಲ್ಲ. ಬರೀ ನಾಲ್ಕು ಇಂಚು ಬಿದ್ದರೆ 299. ಮಾಮೂಲಿ ಮೈಲ್ಡ್ ಸ್ಟೀಲ್ 250ರ ಹತ್ತಿರ ಯೀಲ್ಡ್ ಆಗುತ್ತದೆ, ಅಂದರೆ ಹಿಗ್ಗಿದ್ದು ಮತ್ತೆ ಪೂರ್ತಿ ವಾಪಸ್ ಬರೋದಿಲ್ಲ.

69 ಪಟ್ಟಾ? ಲೆಕ್ಕ ಎಲ್ಲೋ ತಪ್ಪಿದೆ ಅಲ್ವಾ?

ಎಲ್ಲ ಹುಡುಗರೂ ಇಲ್ಲಿ ಒಂದು ಸಲ ಕ್ಯಾಲ್ಕುಲೇಟರ್ ಅಲುಗಾಡಿಸುತ್ತಾರೆ. ಸೂತ್ರ ಪಕ್ಕಕ್ಕಿಟ್ಟು ಬೇರೆ ದಾರಿಯಲ್ಲಿ ನೋಡೋಣ.

ತೂಕ 100 ಮಿ.ಮೀ. ಬಿದ್ದು 3 ಮಿ.ಮೀ. ಒಳಗೆ ನಿಂತಿದೆ. ಒಟ್ಟು ಇಳಿದದ್ದು 103. ಆ 103 ಮಿ.ಮೀ.ನಲ್ಲಿ ಗಳಿಸಿದ ಶಕ್ತಿಯನ್ನು 3 ಮಿ.ಮೀ.ನಲ್ಲಿ ಕಳೆದುಕೊಳ್ಳಬೇಕು ಅಂದರೆ ರಾಡು ಸರಾಸರಿ ತೂಕದ 34 ಪಟ್ಟು ಬಲದಿಂದ ಎಳೆಯಲೇಬೇಕು. ಬಲ ಸೊನ್ನೆಯಿಂದ ಒಂದೇ ಸಮನೆ ಏರೋದರಿಂದ ಕೊನೆಯ ಬಲ ಸರಾಸರಿಯ ಎರಡರಷ್ಟು. 34ರ ಎರಡರಷ್ಟು ಹತ್ತಿರ ಹತ್ತಿರ 69. ಲೆಕ್ಕ ಕೂಡಿತಲ್ಲ.

ಅಟ್ಟದಿಂದ ಹುಲ್ಲಿನ ರಾಶಿ ಮೇಲೆ ಹಾರಿದರೆ ಏನೂ ಆಗೋದಿಲ್ಲ, ಅಂಗಳದ ಸಿಮೆಂಟಿನ ಮೇಲೆ ಹಾರಿದರೆ ಕಾಲು ಮುರಿಯುತ್ತದೆ. ಎತ್ತರ ಅದೇ, ನೀವೂ ಅದೇ. ಬೇರೆಯಾದದ್ದು ನಿಲ್ಲೋಕೆ ಸಿಕ್ಕ ಜಾಗ ಮಾತ್ರ. ನಮ್ಮ ರಾಡಿಗೆ ಸಿಕ್ಕಿದ್ದು 3 ಮಿ.ಮೀ.

ಎತ್ತರವೇ ಇಲ್ಲದಿದ್ದರೆ, ಅಂದರೆ h ಸೊನ್ನೆ ಆದರೆ?

n = 2. ತೂಕವನ್ನು ಪ್ಲೇಟಿಗೆ ತಾಗಿಸಿ ಹಿಡಿದುಕೊಂಡು ಪಟ್ಟಂತ ಕೈ ಬಿಟ್ಟರೂ ಸ್ಟ್ರೆಸ್ ಎರಡರಷ್ಟು ಬರುತ್ತದೆ. ಇದನ್ನು ಫ್ರಾನ್ಸಿನ ಎಂಜಿನಿಯರ್ ಪಾನ್ಸೆಲೆ 19ನೇ ಶತಮಾನದಲ್ಲೇ ತೋರಿಸಿದ್ದರು. ಮೂಟೆಯನ್ನು ತಕ್ಕಡಿ ಮೇಲೆ ಒಮ್ಮೆಲೇ ಬಿಟ್ಟಾಗ ಮುಳ್ಳು ದಾಟಿ ಹೋಗಿ ವಾಪಸ್ ಬರುತ್ತದಲ್ಲ, ಅದೇ ಇದು.

ಎತ್ತರ ಜಾಸ್ತಿ ಇದ್ದಾಗ ಕೆಲವರು ಸೂತ್ರದೊಳಗಿನ ಎರಡೂ 1 ಬಿಟ್ಟು ಬರೀ √(2h/δst) ಅಂತ ಬರೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು 68 ಕೊಡುತ್ತದೆ, ತೊಂದರೆ ಇಲ್ಲ. ಆದರೆ h ಸೊನ್ನೆ ಹಾಕಿದರೆ ಅದು ಸೊನ್ನೆ ಕೊಡುತ್ತದೆ, ನಿಜವಾದ ಉತ್ತರ 2. ಎತ್ತರ ಚಿಕ್ಕದಿದ್ದಾಗ ಆ ಅಡ್ಡದಾರಿ ಬೇಡ.

ತೂಕ ಕಡಿಮೆ ಮಾಡಿದರೆ ಇಂಪ್ಯಾಕ್ಟ್ ಫ್ಯಾಕ್ಟರ್ ಜಾಸ್ತಿ ಬರುತ್ತಿದೆ. ಇದು ಹೇಗೆ?

ಹೌದು, ಬರುತ್ತದೆ. 50 ಕೆ.ಜಿ. ಬದಲು 20 ಕೆ.ಜಿ. ಹಾಕಿ ನೋಡಿ. δst 0.0173 ಮಿ.ಮೀ.ಗೆ ಇಳಿಯುತ್ತದೆ, n 108ಕ್ಕೆ ಏರುತ್ತದೆ. ಆದರೆ 108 ಪಟ್ಟು ಯಾವುದಕ್ಕೆ? 1.73 ಮೆಗಾಪ್ಯಾಸ್ಕಲ್‌ಗೆ. ಕೊನೆಗೆ ಸ್ಟ್ರೆಸ್ 188, ಮೊದಲಿನ 299ಕ್ಕಿಂತ ಕಡಿಮೆಯೇ. ಫ್ಯಾಕ್ಟರ್ ಒಂದನ್ನೇ ನೋಡಿ ಇದು ಅಪಾಯ, ಇದು ಅಲ್ಲ ಅಂತ ಹೇಳಬೇಡಿ. ಫ್ಯಾಕ್ಟರ್ ಗುಣಿಸಿ ಬಂದ ಸ್ಟ್ರೆಸ್ ನೋಡಿ.

ಇನ್ನೊಂದು ಕಡೆಯಿಂದ ನೋಡಿದರೆ: ತೂಕ ಎರಡೂವರೆ ಪಟ್ಟು ಇಳಿಸಿದರೂ ಸ್ಟ್ರೆಸ್ ಎರಡೂವರೆ ಪಟ್ಟು ಇಳಿಯಲಿಲ್ಲ. ಏಟಿನಲ್ಲಿ ಎಲ್ಲವೂ ವರ್ಗಮೂಲದ ಒಳಗೆ ಕೂತಿರುತ್ತದೆ, ಹಾಗಾಗಿ ಏನೇ ಬದಲಿಸಿದರೂ ಫಲ ಸಿಗೋದು ನಿಧಾನ.

ಹಾಗಾದರೆ ರಾಡು ದಪ್ಪ ಹಾಕಿದರೆ ಆಯ್ತಲ್ಲ?

ರಾಡು ಮುರಿದಾಗ ನನ್ನ ತಲೆಗೂ ಮೊದಲು ಬಂದಿದ್ದು ಇದೇ. 16 ಮಿ.ಮೀ. ರಾಡು ಹಾಕಿದರೆ ಕಬ್ಬಿಣ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೆಚ್ಚುತ್ತದೆ. ಸ್ಟ್ರೆಸ್ 299ರಿಂದ 223ಕ್ಕೆ ಇಳಿಯುತ್ತದೆ, ಬರೀ ಕಾಲು ಪಾಲು. ದಪ್ಪ ಮಾಡಿದಾಗ ಒಂದು ಕಡೆ ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚಿ ಲಾಭ, ಇನ್ನೊಂದು ಕಡೆ ರಾಡು ಬಿಗಿಯಾಗಿ n ಏರಿ ನಷ್ಟ.

ತಮಾಷೆ ಅಂದರೆ ದಪ್ಪ ಬಿಟ್ಟು ಉದ್ದ ಹೆಚ್ಚಿಸಿದರೂ ಸ್ಟ್ರೆಸ್ ಇಳಿಯುತ್ತದೆ. ಅದೇ 12 ಮಿ.ಮೀ. ರಾಡನ್ನು 4 ಮೀಟರ್ ಮಾಡಿ. n 49ಕ್ಕೆ ಇಳಿಯುತ್ತದೆ, ಸ್ಟ್ರೆಸ್ 213. ನಿಧಾನದ ಭಾರಕ್ಕೆ ಉದ್ದದಿಂದ ಸ್ಟ್ರೆಸ್ ಬದಲಾಗೋದೇ ಇಲ್ಲ, ಏಟಿಗೆ ಬದಲಾಗುತ್ತದೆ. ಉದ್ದದ ರಾಡಿನಲ್ಲಿ ಹಿಗ್ಗೋಕೆ ಜಾಸ್ತಿ ಕಬ್ಬಿಣ ಇರುತ್ತದೆ, ಶಕ್ತಿ ಹಂಚಿಹೋಗುತ್ತದೆ.

ಅರ್ಧ ಭಾಗ ಮಾತ್ರ ದಪ್ಪ ಮಾಡಿದರೆ?

ದಯವಿಟ್ಟು ಮಾಡಬೇಡಿ. ಈ ಪ್ರಶ್ನೆಗೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ವರ್ಕ್‌ಶಾಪಿನಲ್ಲಿ ನಾವು ಮಾಡುವ ತಪ್ಪು ಬಹಳ ಸಲ ಇದೇ.

ಒಬ್ಬ ಹುಡುಗ ಕೇಳಿದ್ದ: "ಅಣ್ಣಾ, ಮೇಲಿನ ಒಂದು ಮೀಟರ್ 24 ಮಿ.ಮೀ. ಹಾಕಿ, ಕೆಳಗಿನ ಒಂದು ಮೀಟರ್ 12 ಇರಲಿ. ಅರ್ಧವಾದ್ರೂ ಗಟ್ಟಿ ಆಯ್ತಲ್ಲ?" ಲೆಕ್ಕ ಹಾಕೋಣ. ದಪ್ಪ ಭಾಗದ ವಿಸ್ತೀರ್ಣ ನಾಲ್ಕು ಪಟ್ಟು, ಹಾಗಾಗಿ ಅದು ಹಿಗ್ಗೋದು ಕಾಲು ಪಾಲು.

```
δst = 0.02166 × (1 + 1/4) = 0.0271 mm
n   = 1 + √(1 + 200/0.0271) ≈ 87
σ   = 87 × 4.33 ≈ 377 N/mm²
```

ಕಬ್ಬಿಣ ಜಾಸ್ತಿ ಹಾಕಿ, ದುಡ್ಡು ಜಾಸ್ತಿ ಕೊಟ್ಟು, ಸ್ಟ್ರೆಸ್ಸನ್ನು 299ರಿಂದ 377ಕ್ಕೆ ಏರಿಸಿದಂತಾಯಿತು. ತೆಳು ಭಾಗ ಮೊದಲಿನಷ್ಟೇ ತೆಳು, ಆದರೆ ಅದರ ಜೊತೆ ಹಿಗ್ಗಿ ಏಟು ಹಂಚಿಕೊಳ್ಳುತ್ತಿದ್ದ ಇನ್ನರ್ಧ ಈಗ ದಪ್ಪವಾಗಿ ಸುಮ್ಮನೆ ಕೂತಿದೆ. ಏಟೆಲ್ಲ ತೆಳು ಭಾಗದ ಮೇಲೇ ಬಂತು. ಕೂಡು ಮನೆಯಲ್ಲಿ ಒಬ್ಬ ಕೆಲಸ ಬಿಟ್ಟು ಕೂತರೆ ಇನ್ನೊಬ್ಬನ ಬೆನ್ನು ಮುರಿಯೋದು ಹೀಗೆಯೇ.

ಏಟು ತಿನ್ನುವ ಬೋಲ್ಟುಗಳ ನಡುಭಾಗವನ್ನು ಲೇತಿಗೆ ಹಾಕಿ ಥ್ರೆಡ್ಡಿನ ಒಳ ವ್ಯಾಸದವರೆಗೆ ಸಣ್ಣ ಮಾಡೋದನ್ನು ನೋಡಿರಬಹುದು. ಕಬ್ಬಿಣ ಉಳಿಸೋಕೆ ಅಲ್ಲ ಅದು. ಇಡೀ ಬೋಲ್ಟು ಒಂದೇ ಸಮನೆ ಹಿಗ್ಗಲಿ, ಥ್ರೆಡ್ಡಿನ ಮೇಲೆ ಎಲ್ಲ ಬೀಳದಿರಲಿ ಅಂತ.

ನಿಮ್ಮ ರಾಡು ಥ್ರೆಡ್ಡಿನಲ್ಲೇ ಯಾಕೆ ಮುರಿಯಿತು?

ಇದೇ ಕಾರಣ. 12 ಮಿ.ಮೀ. ರಾಡಿಗೆ ಎಂ12 ಥ್ರೆಡ್ ಹಾಕಿದಾಗ ಲೆಕ್ಕಕ್ಕೆ ಸಿಗುವ ವಿಸ್ತೀರ್ಣ 113 ಅಲ್ಲ, 84.3 ಚದರ ಮಿ.ಮೀ. ರಾಡಿನ ಮೈಯಲ್ಲಿ 299 ಇದ್ದರೆ ಥ್ರೆಡ್ಡಿನಲ್ಲಿ 400 ಆಯಿತು. ಆದರೆ ಥ್ರೆಡ್ಡು 250ಕ್ಕೇ ಸೋಲುತ್ತದೆ, ಆಗ ರಾಡಿನ ಉಳಿದ ಮೈಯಲ್ಲಿ ಇನ್ನೂ 186 ಮಾತ್ರ. ಅಂದರೆ ಎರಡು ಮೀಟರ್ ರಾಡು ಹಿಗ್ಗಿ ಶಕ್ತಿ ತಿನ್ನೋ ಮೊದಲೇ, ನಟ್ಟಿನ ಮೇಲೆ ಕಾಣುವ ಒಂದೂವರೆ ಸೆಂಟಿಮೀಟರ್ ಥ್ರೆಡ್ಡು ಉಳಿದದ್ದನ್ನೆಲ್ಲ ತಿನ್ನಬೇಕಾಗುತ್ತದೆ.

ಒಂದೇ ಏಟಿಗೆ ಮುರಿದದ್ದಲ್ಲ. ನಾಲ್ಕೈದು ಸಲ ಬಡಿದಿದೆ, ಪ್ರತಿ ಸಲ ಅಷ್ಟಷ್ಟು ಹಿಗ್ಗಿದೆ. ಗುರುತು ಮುಂಚೆಯೇ ಇತ್ತು, ನಾನು ನೋಡಲಿಲ್ಲ. ಮುರಿಯುವ ಎರಡು ವಾರ ಮೊದಲು ರೈಟರು ಫೋನ್ ಮಾಡಿ, ನಟ್ಟು ತಿರುಗುತ್ತಿಲ್ಲ, ಅರ್ಧಕ್ಕೆ ಹಿಡಿದುಕೊಂಡಿದೆ ಅಂದಿದ್ದರು. ತುಕ್ಕು ಇರಬೇಕು, ಎಣ್ಣೆ ಬಿಡಿ ಅಂದೆ. ಅದು ತುಕ್ಕಲ್ಲ. ಥ್ರೆಡ್ಡು ಹಿಗ್ಗಿ ಹಲ್ಲುಗಳ ನಡುವಿನ ಅಂತರ ಬದಲಾಗಿತ್ತು, ನಟ್ಟಿನ ಹಲ್ಲಿಗೆ ಕೂರುತ್ತಿರಲಿಲ್ಲ.

ನೋಡೋದು ಸುಲಭ. ಹೊಸ ಎಂ12 ಬೋಲ್ಟೊಂದನ್ನು ತಂದು ಹಲ್ಲಿಗೆ ಹಲ್ಲು ಕೂರುವಂತೆ ಹಳೇ ಥ್ರೆಡ್ಡಿನ ಪಕ್ಕ ಒತ್ತಿ ಹಿಡಿಯಿರಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ. ಸರಿ ಇದ್ದರೆ ಬೆಳಕು ದಾಟೋದಿಲ್ಲ. ಹಿಗ್ಗಿದ್ದರೆ ಮೊದಲ ಎರಡು ಹಲ್ಲು ಕೂತು ಆಮೇಲೆ ಬೆಳಕು ಕಾಣುತ್ತದೆ. ಅಂಥ ರಾಡನ್ನು ಮತ್ತೆ ಹಾಕಬೇಡಿ.

ಮರದ ತೊಲೆ ಇದ್ದಾಗ ಯಾಕೆ ಮುರಿಯಲಿಲ್ಲ?

ಪುಸ್ತಕದ ಚಿತ್ರದಲ್ಲಿ ರಾಡಿನ ಮೇಲ್ತುದಿಗೆ ಗೆರೆ ಹಾಕಿ ಅಡ್ಡಡ್ಡ ಗೀಚಿರುತ್ತಾರೆ, ಅಲ್ಲಿ ಏನೂ ಅಲುಗಾಡೋದಿಲ್ಲ ಅಂತ. ನಿಜದಲ್ಲಿ ಎಲ್ಲವೂ ಸ್ವಲ್ಪ ಅಲುಗಾಡುತ್ತದೆ. ಹಳೇ ತೊಲೆ 50 ಕೆ.ಜಿ.ಗೆ ಅರ್ಧ ಮಿ.ಮೀ. ಬಗ್ಗುತ್ತಿತ್ತು ಅಂತ ಇಟ್ಟುಕೊಳ್ಳಿ. ನಾಲ್ಕು ಮೀಟರಿನ ಮರದ ತೊಲೆಗೆ ಅದೇನೂ ದೊಡ್ಡದಲ್ಲ, ಕಣ್ಣಿಗೆ ಕಾಣೋದೂ ಇಲ್ಲ. ಸೂತ್ರದ δst ಅಂದರೆ ತೂಕ ಇಟ್ಟಾಗ ಪ್ಲೇಟು ಒಟ್ಟು ಎಷ್ಟು ಇಳಿಯುತ್ತದೋ ಅದು. ತೊಲೆ ಬಗ್ಗಿದ್ದನ್ನೂ ಕೂಡಿಸಬೇಕು.

```
δst = 0.0433 + 0.5 = 0.543 mm
n   = 1 + √(1 + 200/0.543) ≈ 20
σ   = 20.2 × 4.33 ≈ 88 N/mm²
```

299 ಇದ್ದದ್ದು 88ಕ್ಕೆ ಇಳಿಯಿತು, ಥ್ರೆಡ್ಡಿನಲ್ಲಿ ಸುಮಾರು 117. ಅಷ್ಟು ವರ್ಷ ರಾಡನ್ನು ಕಾಪಾಡಿದ್ದು ಆ ತೊಲೆ. ನಾನು ಅದನ್ನು ಆರ್‌ಸಿಸಿ ಬೀಮಿಗೆ, ಅದೂ ಕಂಬದ ಪಕ್ಕಕ್ಕೆ ಬದಲಿಸಿದೆ. ಅಲ್ಲಿ ಬೀಮು 50 ಕೆ.ಜಿ.ಗೆ ಮಿ.ಮೀ.ನ ನೂರನೇ ಒಂದು ಪಾಲು ಬಗ್ಗಿದರೆ ಹೆಚ್ಚು. n ಪೂರ್ತಿ 69 ಆಗದಿದ್ದರೂ 60 ದಾಟಿರುತ್ತದೆ. ಕಟ್ಟಡಕ್ಕೆ ಒಳ್ಳೆಯದೇ ಆಯಿತು, ರಾಡಿನ ಪ್ರಾಣ ಹೋಯಿತು.

ಬಿದ್ದ ಹೊತ್ತಿನಲ್ಲಿ ಎಷ್ಟು ಇಳಿಯಿತು ಅಂತ ಅಳೆಯೋದು ಹೇಗೆ? ನಮ್ಮ ಹತ್ತಿರ ಸ್ಟ್ರೇನ್ ಗೇಜ್ ಇಲ್ಲ.

ತೂಕ ತಾಗಿ ನಿಲ್ಲೋದಕ್ಕೆ ಈ ರಾಡಿನಲ್ಲಿ ಹಿಡಿಯೋದು ಸೆಕೆಂಡಿನ ಸಾವಿರದಲ್ಲಿ ಮೂರೂ ಚಿಲ್ಲರೆ ಪಾಲು. ಕಣ್ಣಿಗೆ ಆಗೋದಿಲ್ಲ, ಡಯಲ್ ಗೇಜಿನ ಮುಳ್ಳಿಗೂ ನಂಬಿಕೆ ಇಡೋ ಹಾಗಿಲ್ಲ.

ನಾವು ಶೆಡ್ಡಿನಲ್ಲಿ ಮಾಡೋದು ಅಕ್ಕಿ ರೊಟ್ಟಿ ಹಿಟ್ಟಿನಲ್ಲಿ. ಪ್ಲೇಟಿನ ಅಡಿಗೆ ಒಂದು ಗಟ್ಟಿ ಕಟ್ಟೆ ಇಟ್ಟು, ಅದರ ಮೇಲೆ ಗೋಲಿ ಗಾತ್ರದ ಹಿಟ್ಟಿನ ಉಂಡೆ, ನೆತ್ತಿ ಪ್ಲೇಟಿಗೆ ತಾಗಿದ ಹಾಗೆ. ತೂಕ ಬಿಟ್ಟ ಮೇಲೆ ಪ್ಲೇಟು ವಾಪಸ್ ಮೇಲೆ ಹೋಗುತ್ತದೆ, ಉಂಡೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಮೊದಲಿನ ಎತ್ತರ, ಆಮೇಲಿನ ಎತ್ತರ ವರ್ನಿಯರ್‌ನಲ್ಲಿ ಅಳೆದು ಕಳೆದರೆ ಪ್ಲೇಟು ಎಷ್ಟು ಇಳಿದಿತ್ತು ಅಂತ ಗೊತ್ತಾಗುತ್ತದೆ. ಹಿಟ್ಟು ನೀರು ಕಡಿಮೆ ಹಾಕಿ ಗಟ್ಟಿಯಾಗಿ ಕಲೆಸಿರಬೇಕು, ಇಲ್ಲದಿದ್ದರೆ ಪ್ಲೇಟಿಗೆ ಅಂಟಿಕೊಂಡು ಮೇಲೆದ್ದು ಲೆಕ್ಕ ಕೆಡಿಸುತ್ತದೆ.

10 ಸೆಂ.ಮೀ.ನಿಂದ ಬೀಳಿಸಬೇಡಿ, 1 ಸೆಂ.ಮೀ. ಸಾಕು. ಆಗ ರಾಡು ಮಾತ್ರ ಹಿಗ್ಗಿದ್ದರೆ ಉಂಡೆ 1 ಮಿ.ಮೀ.ನಷ್ಟು ಅಮುಕಬೇಕು. 4 ಮಿ.ಮೀ. ಅಮುಕಿದ್ದರೆ ಮೇಲಿನ ತೊಲೆಯೂ ಬಗ್ಗುತ್ತಿದೆ ಅಂತ ಅರ್ಥ. ಅರ್ಧ ಮಿ.ಮೀ. ಬಗ್ಗುವ ತೊಲೆಗೆ ಸೂತ್ರ ಕೊಡೋದು ಹತ್ತಿರ ಹತ್ತಿರ ಅಷ್ಟೇ.

ರಾಡಿನ ಸ್ವಂತ ತೂಕ ಲೆಕ್ಕಕ್ಕೆ ಬೇಡವಾ?

ಇಲ್ಲಿ ಬೇಡ. ಈ ರಾಡು ತೂಗೋದೇ 1.8 ಕೆ.ಜಿ.ಗಿಂತ ಕಡಿಮೆ. ಬಡಿತದ ಕ್ಷಣದಲ್ಲಿ ರಾಡಿನ ಮೂರನೇ ಒಂದು ಪಾಲು ತೂಕವನ್ನು ತನ್ನ ಜೊತೆ ಓಡಿಸೋಕೆ ಬೀಳುವ ತೂಕ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತದೆ ಅನ್ನೋದು ಅಂದಾಜು. ಸೂತ್ರ ಹೀಗಾಗುತ್ತದೆ, m ರಾಡಿನದು, M ಬೀಳುವ ತೂಕದ್ದು:

```
n = 1 + √(1 + 2h/(δst(1 + m/(3M))))
```

ಹಾಕಿ ನೋಡಿದರೆ 69 ಹೋಗಿ 68.6 ಬರುತ್ತದೆ. ರಾಡಿನ ತೂಕ ಬೀಳುವ ತೂಕಕ್ಕೆ ಹೋಲಿಸುವಷ್ಟು ದೊಡ್ಡದಿದ್ದಾಗ ಮಾತ್ರ ಇದಕ್ಕೆ ಬೆಲೆ. ಅದಕ್ಕೂ ಮೀರಿ, ಉದ್ದದ ಭಾರೀ ರಾಡಿಗೆ ಚಿಕ್ಕ ಸುತ್ತಿಗೆ ಬಡಿದ ಹಾಗಿದ್ದರೆ ಈ ಸೂತ್ರವನ್ನೇ ಬಿಡಬೇಕು. ಆಗ ಬಡಿತ ರಾಡಿನೊಳಗೆ ಅಲೆಯಾಗಿ ಓಡುತ್ತದೆ, ಸ್ಟೀಲಿನಲ್ಲಿ ಸೆಕೆಂಡಿಗೆ ಸುಮಾರು 5000 ಮೀಟರ್ ವೇಗದಲ್ಲಿ. ನಮ್ಮ ರಾಡಿನಲ್ಲಿ ತೂಕ ನಿಲ್ಲುವಷ್ಟರಲ್ಲಿ ಅಲೆ ನಾಲ್ಕು ಸಲ ಹೋಗಿ ಬಂದಿರುತ್ತದೆ, ಹಾಗಾಗಿ ಇಡೀ ರಾಡು ಒಟ್ಟಿಗೆ ಹಿಗ್ಗಿತು ಅಂತ ಇಟ್ಟುಕೊಂಡರೆ ದೊಡ್ಡ ತಪ್ಪಾಗೋದಿಲ್ಲ.

ಪರೀಕ್ಷೆಯಲ್ಲಿ ಎಲ್ಲಿ ಎಡವುತ್ತಾರೆ?

ಮೊದಲನೆಯದು, 50 ಕೆ.ಜಿ. ಅಂತ ಇದ್ದರೆ ಹಾಗೇ 50 ಹಾಕಿಬಿಡೋದು, 490 ಮಾಡದೆ. ಎರಡನೆಯದು, h ಮೀಟರಿನಲ್ಲೂ δst ಮಿ.ಮೀ.ನಲ್ಲೂ ಇಡೋದು. n ಮೂರೋ ನಾಲ್ಕೋ ಬಂದರೆ, ಸ್ಪ್ರಿಂಗ್ ಏನೂ ಇಲ್ಲದ ಕಬ್ಬಿಣದ ರಾಡಾಗಿದ್ದರೆ, ಯೂನಿಟ್ ತಪ್ಪಿದೆ ಅಂತ ಅನುಮಾನ ಪಡಿ. ಇನ್ನು, ಉತ್ತರ ಯೀಲ್ಡ್ ದಾಟಿದ ಮೇಲೂ 299 ಅಂತ ಬರೆದು ಕೆಳಗೆ ಎರಡು ಗೆರೆ ಎಳೆಯೋದು. ಯೀಲ್ಡ್ ದಾಟಿದರೆ ಆ ಸಂಖ್ಯೆ ನಿಜವಲ್ಲ, ರಾಡು ಎಲಾಸ್ಟಿಕ್ ಅನ್ನೋ ಮಾತಿನ ಮೇಲೇ ಸೂತ್ರ ನಿಂತಿರೋದು. "ಯೀಲ್ಡ್ ಆಗುತ್ತದೆ" ಅಂತ ಒಂದು ಸಾಲು ಬರೆಯಿರಿ.

ಕೊನೆಗೆ ಆ ಗೋಡೌನಿನಲ್ಲಿ ಏನು ಮಾಡಿದಿರಿ?

ಸ್ಪ್ರಿಂಗ್ ಹಾಕಿದೆ. 12 ಮಿ.ಮೀ. ಹೊಸ ರಾಡು, ಅದೇ ಆರ್‌ಸಿಸಿ ಬೀಮು, ಪ್ಲೇಟಿನ ಮೇಲೆ ಒಂದು ಕಂಪ್ರೆಷನ್ ಸ್ಪ್ರಿಂಗು, 1 ಮಿ.ಮೀ. ಅಮುಕೋಕೆ 50 ನ್ಯೂಟನ್ ಬೇಕಾಗುವಂಥದ್ದು. 490 ನ್ಯೂಟನ್ ನಿಧಾನಕ್ಕೆ ಇಟ್ಟರೆ ಅದು 9.8 ಮಿ.ಮೀ. ಅಮುಕುತ್ತದೆ.

```
δst = 9.8 + 0.043 = 9.84 mm
n   = 1 + √(1 + 200/9.84) ≈ 5.6
σ   = 5.6 × 4.33 ≈ 24 N/mm²
```

ರಾಡು ದಪ್ಪ ಮಾಡಿದ್ದರೆ 223, ಉದ್ದ ಮಾಡಿದ್ದರೆ 213, ಸ್ಪ್ರಿಂಗಿಗೆ 24.

ಒಂದು ಎಚ್ಚರ ಇದೆ. ತೂಕ ಬಿದ್ದಾಗ ಸ್ಪ್ರಿಂಗು 5.6ರಷ್ಟು, ಅಂದರೆ 55 ಮಿ.ಮೀ. ಅಮುಕುತ್ತದೆ. ಅಷ್ಟು ಜಾಗ ಅದಕ್ಕೆ ಇರಲೇಬೇಕು. ನಾನು ಮೊದಲು ತಂದದ್ದು 40 ಮಿ.ಮೀ.ಗೇ ಸುತ್ತುಗಳೆಲ್ಲ ಒಂದಕ್ಕೊಂದು ತಾಗಿ ಗಟ್ಟಿಯಾಗುವಂಥದ್ದು. ಅಲ್ಲಿಂದ ಮುಂದೆ ಅದು ಸ್ಪ್ರಿಂಗಲ್ಲ, ಕಬ್ಬಿಣದ ಕೊಳವೆ, ಉಳಿದ ಏಟು ಮತ್ತೆ ರಾಡಿಗೇ. ವಾಪಸ್ ಕೊಟ್ಟು 70 ಮಿ.ಮೀ. ಅಮುಕುವಂಥದ್ದು ತಂದೆ. ಲಾರಿ ಟೈರಿನ ರಬ್ಬರ್ ತುಂಡು ಹಾಕಿದರೆ ಆಗಲ್ವಾ ಅಂತ ರೈಟರು ಕೇಳಿದ್ದರು. ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ರಬ್ಬರು ಅಮುಕಿದಷ್ಟೂ ಬಿಗಿಯಾಗುತ್ತಾ ಹೋಗುತ್ತದೆ, ಅದಕ್ಕೆ ಒಂದು k ಅಂತ ಇಟ್ಟು ಈ ಸೂತ್ರ ಹಾಕೋಕೆ ಬರೋದಿಲ್ಲ.

ಸ್ಪ್ರಿಂಗ್ ಹಾಕಿದ ಮೇಲೆ ತೂಕ ಬಿದ್ದರೆ ಪುಟಿದು ಮೇಲೆ ಹಾರುತ್ತದೆ, ಎರಡು ಮೂರು ಸಲ ಕುಣಿಯುತ್ತದೆ. ಆ ಹೊತ್ತಿಗೆ ಹಗ್ಗ ಸಡಿಲವಾಗಿ ರಾಟೆಯಿಂದ ಹೊರಗೆ ಜಾರೋದು ಶುರುವಾಯಿತು, ಅದಕ್ಕೆ ರಾಟೆಗೆ ಪಕ್ಕದಲ್ಲಿ ಒಂದು ತಗಡಿನ ತಡೆ ಬೆಸೆದೆ. ಹಗ್ಗವನ್ನೂ ಬದಲಿಸಿ ಅಂತ ಹೇಳಿ ಬಂದಿದ್ದೇನೆ. ಇನ್ನೂ ಬದಲಿಸಿಲ್ಲ.